ಪ್ರಜ್ಞಾಪ್ರವಾಹ: ‘ಅವಳು’ ಅಂತಿದ್ರೂ ಅದು ಅವಳ ಮನಸ್ಸೇ ಅಂತ ಹೇಗೆ ತೋರಿಸೋದು?

ಕೊನೆ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಆನರ್ಸ್ ಕೊನೇ ವರ್ಷ. ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡ್ಯಾಲೊವೆ’ (1925) ನಮಗೆ ಪಠ್ಯ. ಅದರ ಮೊದಲ ಕೆಲವು ಸಾಲು ಕೊಟ್ಟು, ಪ್ರಜ್ಞಾಪ್ರವಾಹ ತಂತ್ರ ಇಲ್ಲಿ ಹೇಗೆ ಕೆಲಸ ಮಾಡುತ್ತದೆ, ಆ ಸಾಲುಗಳಿಂದಲೇ ತೋರಿಸಿ ಅಂತ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಚರ್ಚೆಗೆ ಅನುಕೂಲ ಆಗಲಿ ಅಂತ ಅದನ್ನು ನನಗೆ ಬಂದ ಹಾಗೆ ಕನ್ನಡದಲ್ಲಿ ಹಾಕುತ್ತಿದ್ದೇನೆ. ವಾಕ್ಯಗಳ ಕ್ರಮ ಬದಲಿಸಿಲ್ಲ.

“ಹೂವು ತಾನೇ ತರುವುದಾಗಿ ಮಿಸೆಸ್ ಡ್ಯಾಲೊವೆ ಹೇಳಿದಳು.

ಯಾಕಂದರೆ ಲೂಸಿಗೆ ಕೈತುಂಬ ಕೆಲಸವಿತ್ತು. ಬಾಗಿಲುಗಳನ್ನು ಕೀಲಿನಿಂದ ಕಳಚುವುದಿತ್ತು; ರಂಪಲ್‌ಮೇಯರ್ ಕಡೆಯ ಆಳುಗಳು ಬರುವವರಿದ್ದರು. ಅದೂ ಅಲ್ಲದೆ, ಅಂದುಕೊಂಡಳು ಕ್ಲಾರಿಸ್ಸಾ ಡ್ಯಾಲೊವೆ, ಎಂಥ ಬೆಳಗು! ಕಡಲ ದಂಡೆಯಲ್ಲಿ ಮಕ್ಕಳಿಗೆ ಹಂಚಿದ ಹಾಗೆ ತಾಜಾ.

ಎಂಥ ಮಜಾ! ಎಂಥ ಧುಮುಕು! ಯಾಕಂದರೆ ಅವಳಿಗೆ ಯಾವಾಗಲೂ ಹಾಗೇ ಅನಿಸುತ್ತಿತ್ತು, ಬೋರ್ಟನ್‌ನಲ್ಲಿ, ಕೀಲುಗಳು ಸಣ್ಣಗೆ ಕಿರ್ರೆನ್ನುತ್ತಿರಲು, ಆ ಸದ್ದು ಈಗಲೂ ಕೇಳಿಸುತ್ತಿತ್ತು, ಫ್ರೆಂಚ್ ಕಿಟಕಿಗಳನ್ನು ದಡಕ್ಕನೆ ತೆರೆದು ಬಯಲ ಗಾಳಿಗೆ ಧುಮುಕಿದಾಗೆಲ್ಲ.”

ನನ್ನ ತೊಂದರೆ ಇಷ್ಟು. ಪ್ರಜ್ಞಾಪ್ರವಾಹ ಅಂದರೆ ಪಾತ್ರದ ಮನಸ್ಸು ನೇರವಾಗಿ ಕೇಳಿಸಬೇಕು ಅಂತ ಓದಿದ್ದೇನೆ. ಆದರೆ ಇಲ್ಲಿ ಎಲ್ಲೂ ‘ನಾನು’ ಇಲ್ಲ. ಬರೀ ‘ಅವಳು’. ಹಾಗಾದರೆ ಹೇಳುತ್ತಿರೋದು ವುಲ್ಫ್ ಅಲ್ವಾ? ಯಾವ ವಾಕ್ಯ ಲೇಖಕಿಯದು, ಯಾವುದು ಕ್ಲಾರಿಸ್ಸಾಳದು ಅಂತ ಗೊತ್ತಾಗೋದು ಹೇಗೆ?

ಪೂರ್ಣವಿರಾಮ

ತುಂಬ ಸುಲಭ. ವಿರಾಮ ಚಿಹ್ನೆ ನೋಡಿ. ಜೇಮ್ಸ್ ಜಾಯ್ಸ್ ಅವರ ‘ಯೂಲಿಸಿಸ್’ (1922) ಕೊನೇ ಅಧ್ಯಾಯ ತೆಗೆಯಿರಿ. ಮಾಲಿ ಬ್ಲೂಮ್ ಹಾಸಿಗೆಯಲ್ಲಿ ಮಲಗಿ ಯೋಚಿಸುತ್ತಾಳೆ. ಇಡೀ ಅಧ್ಯಾಯಕ್ಕೆ ಎಂಟೇ ಎಂಟು ವಾಕ್ಯ, ಚಿಹ್ನೆಗಳು ಇಲ್ಲವೇ ಇಲ್ಲ ಅನ್ನಬಹುದು. ಅದು ಪ್ರಜ್ಞಾಪ್ರವಾಹ. ನೀವು ಕೊಟ್ಟ ಸಾಲುಗಳಲ್ಲಿ ಕಾಮಾ ಇದೆ, ಅರ್ಧವಿರಾಮ ಇದೆ, ‘ಅಂದುಕೊಂಡಳು’ ಕೂಡ ಇದೆ. ಇದು ಪ್ರಜ್ಞಾಪ್ರವಾಹ ಅಲ್ಲ, ಮುಕ್ತ ಪರೋಕ್ಷ ಕಥನ, ಅಂದರೆ ‘ಅವಳು’ ಅಂತಲೇ ಹೇಳುತ್ತಾ ಪಾತ್ರದ ಯೋಚನೆಯನ್ನು ಕಥನದೊಳಗೆ ಬೆರೆಸೋದು. ಅಸೈನ್‌ಮೆಂಟಿನಲ್ಲಿ ಧೈರ್ಯವಾಗಿ ಹಾಗೇ ಬರೆಯಿರಿ.

ಬೆಳಗಿನ ಬರಹ

ನನಗೆ ಈ ತಂತ್ರ ತುಂಬ ಇಷ್ಟ. ನಾನು ದಿನಾ ಎದ್ದ ಕೂಡಲೇ ಮನಸ್ಸಿಗೆ ಬಂದದ್ದನ್ನೆಲ್ಲ ನಿಲ್ಲಿಸದೆ ಬರೆಯುತ್ತೇನೆ. ತಿದ್ದೋ ಹಾಗಿಲ್ಲ, ಯೋಚಿಸೋ ಹಾಗಿಲ್ಲ. ಮನಸ್ಸು ಹಗುರ ಆಗುತ್ತದೆ. ನೀವೂ ಶುರು ಮಾಡಿ. ಮಾಡಿ ನೋಡಿದರೆ ತಂತ್ರ ತಾನಾಗಿಯೇ ಅರ್ಥವಾಗುತ್ತದೆ.

ನಿವೃತ್ತ ಮೇಷ್ಟ್ರು

ನಾನು ಬಹಳ ವರ್ಷ ಈ ಕಾದಂಬರಿ ಪಾಠ ಮಾಡಿದ್ದೇನೆ. ನಿಧಾನವಾಗಿ ನೋಡೋಣಮ್ಮ.

ಮೊದಲು ಬೆಳಗಿನ ಬರಹದವರಿಗೆ ಒಂದು ಮಾತು. ನಿಮ್ಮ ಅಭ್ಯಾಸ ಒಳ್ಳೆಯದೇ, ಆದರೆ ಈ ಪ್ರಶ್ನೆ ಬೇರೆ. ನೀವು ಬರೆಯೋದು ನಿಮ್ಮ ಮನಸ್ಸಿನ ಹರಿವು. ಇಲ್ಲಿರೋದು ಒಬ್ಬ ಪಾತ್ರದ ಮನಸ್ಸು, ಅದನ್ನು ಲೇಖಕಿ ಕಟ್ಟಿದ್ದಾರೆ. ಪಾತ್ರಗಳ ಬೆನ್ನ ಹಿಂದೆ ಗವಿ ತೋಡುತ್ತೇನೆ, ಹಿಂದಿನ ಕಾಲವನ್ನು ಬೇಕಾದ ಹಾಗೆ ಕಂತುಕಂತಾಗಿ ಹೇಳುತ್ತೇನೆ ಅನ್ನೋ ಅರ್ಥದಲ್ಲಿ ವುಲ್ಫ್ 1923ರಲ್ಲಿ ಈ ಕಾದಂಬರಿ ಬರೆಯುವಾಗ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಓದುವವರಿಗೆ ತಡೆಯಿಲ್ಲದ ಹರಿವು ಅನಿಸುವುದರ ಹಿಂದೆ ಇಷ್ಟು ಲೆಕ್ಕಾಚಾರ ಇದೆ.

ಪೂರ್ಣವಿರಾಮ ಅವರು ಹೇಳಿದ್ದರಲ್ಲಿ ಮಾಲಿ ಬ್ಲೂಮ್ ವಿಷಯ ಸರಿ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡರೆ ‘ಯೂಲಿಸಿಸ್’ ಒಳಗೇ ತೊಡಕು ಬರುತ್ತದೆ. ಅವಳ ಗಂಡ ಲಿಯೊಪೋಲ್ಡ್ ಬ್ಲೂಮ್ ಡಬ್ಲಿನ್ ಬೀದಿಯಲ್ಲಿ ನಡೆಯುವಾಗ ಅವನ ಯೋಚನೆಗಳು ಬರೋದು ತುಂಡು ತುಂಡು ವಾಕ್ಯಗಳಲ್ಲಿ. ಎರಡು ಪದ, ಪೂರ್ಣವಿರಾಮ. ಮೂರು ಪದ, ಪೂರ್ಣವಿರಾಮ. ಅದನ್ನು ಪ್ರಜ್ಞಾಪ್ರವಾಹ ಅಲ್ಲ ಅನ್ನುವವರು ಯಾರೂ ಇಲ್ಲ. ಹಾಗಾಗಿ ಚಿಹ್ನೆ ನೋಡಿ ತೀರ್ಮಾನ ಮಾಡೋಕಾಗಲ್ಲ.

ಈಗ ನಿಮ್ಮ ಸಾಲುಗಳಿಗೆ ಬರೋಣ.

ಮೊದಲ ವಾಕ್ಯ ಕಥನಕಾರರದು. ಮಾತು ಆಗಿಹೋಗಿದೆ, ಅದರ ವರದಿ ನಮಗೆ ಸಿಗುತ್ತಿದೆ. ಹೆಸರೂ ನೋಡಿ: ‘ಮಿಸೆಸ್ ಡ್ಯಾಲೊವೆ’. ಅದು ಗಂಡನ ಮನೆತನದ ಹೆಸರು, ಹೊರಗಿನವರು ಕರೆಯುವ ಹೆಸರು. ತನ್ನ ಮನಸ್ಸಿನೊಳಗೆ ಯಾರೂ ತನ್ನನ್ನು ಹಾಗೆ ಕರೆದುಕೊಳ್ಳೋದಿಲ್ಲ.

ಎರಡನೇ ವಾಕ್ಯದ ‘ಯಾಕಂದರೆ’ ಮೇಲೆ ಬೆರಳಿಡಿ. ಕಾರಣ ಕೊಡುತ್ತಿರೋದು ಯಾರು? ಹೂವು ಆಳು ತಂದರೇನು, ಯಜಮಾನಿ ತಂದರೇನು, ಕಥನಕಾರರಿಗೆ ಸಮಜಾಯಿಷಿ ಕೊಡುವ ಅಗತ್ಯವಿಲ್ಲ. ಅಗತ್ಯ ಇರೋದು ಕ್ಲಾರಿಸ್ಸಾಗೆ. ತಾನೇ ಹೊರಗೆ ಹೋಗಬೇಕು ಅನ್ನೋ ಆಸೆಗೆ ಅವಳು ಒಂದು ನೆಪ ಹುಡುಕುತ್ತಿದ್ದಾಳೆ. ‘ಅಂದುಕೊಂಡಳು’ ಇನ್ನೂ ಬಂದಿಲ್ಲ, ನಾವಾಗಲೇ ಒಳಗೆ ಹೋಗಿಬಿಟ್ಟಿದ್ದೇವೆ.

ಮೂರನೆಯದರಲ್ಲಿ ಇನ್ನೊಂದು ಗುರುತು ಸಿಗುತ್ತದೆ. ರಂಪಲ್‌ಮೇಯರ್ ಯಾರು? ಲೂಸಿ ಯಾರು? ಬಾಗಿಲು ಯಾಕೆ ಕಳಚಬೇಕು? ಒಂದನ್ನೂ ವಿವರಿಸಿಲ್ಲ. ಓದುಗರಿಗೆ ಕಥೆ ಹೇಳೋಕೆ ಕೂತವರು ‘ಆ ರಾತ್ರಿ ಮನೆಯಲ್ಲಿ ದೊಡ್ಡ ಪಾರ್ಟಿ ಇತ್ತು, ಲೂಸಿ ಅನ್ನೋ ಕೆಲಸದವಳಿದ್ದಳು’ ಅಂತ ಶುರು ಮಾಡುತ್ತಾರೆ. ಆದರೆ ಯಾರೂ ತಮಗೆ ಗೊತ್ತಿರೋದನ್ನು ತಮಗೇ ವಿವರಿಸಿಕೊಳ್ಳೋದಿಲ್ಲ. ಪರಿಚಯ ಇಲ್ಲದೆ ಬಂದು ಬೀಳುವ ಈ ಹೆಸರುಗಳು ಅಸೈನ್‌ಮೆಂಟಿಗೆ ನಿಮಗೆ ಸಿಗುವ ಗಟ್ಟಿ ಸಾಕ್ಷಿ.

ನಾಲ್ಕನೆಯದರಲ್ಲಿ ಹೆಸರು ಬದಲಾಗಿದೆ. ‘ಕ್ಲಾರಿಸ್ಸಾ’ ಬಂತು. ‘ಅಂದುಕೊಂಡಳು’ ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಅದರಾಚೆಯ ‘ಎಂಥ ಬೆಳಗು’ ಅನ್ನೋದಕ್ಕೆ ಕ್ರಿಯಾಪದವೇ ಇಲ್ಲ. ‘ಎಂಥ ಮಜಾ, ಎಂಥ ಧುಮುಕು’ ಕೂಡ ಹಾಗೆಯೇ. ಕ್ರಿಯಾಪದ ಇಲ್ಲ ಅಂದಮೇಲೆ ಕಾಲ ಇಲ್ಲ, ‘ಅವಳು’, ‘ನಾನು’ ಅನ್ನೋ ಪ್ರಶ್ನೆಯೂ ಏಳೋದಿಲ್ಲ.

ಕೊನೇ ವಾಕ್ಯದಲ್ಲಿ ಬಾಗಿಲ ಕೀಲು ನೋಡಿ. ಇವತ್ತು ಲಂಡನ್ನಿನ ಮನೆಯಲ್ಲಿ ಬಾಗಿಲನ್ನು ಕೀಲಿನಿಂದ ಕಳಚಬೇಕು. ಆ ಕೀಲು ಅವಳು ಬೆಳೆದ ಬೋರ್ಟನ್ ಮನೆಯ ಕಿಟಕಿಯ ಕೀಲನ್ನು ಎಳೆದು ತರುತ್ತದೆ. ಈಗ ಅವಳಿಗೆ ಐವತ್ತು ದಾಟಿದೆ, ಆಗ ಹದಿನೆಂಟು. ‘ಅವಳಿಗೆ ನೆನಪಾಯಿತು’ ಅನ್ನೋ ವಾಕ್ಯ ಎಲ್ಲೂ ಇಲ್ಲ. ಒಂದು ಕಿರ್ ಸದ್ದು ಮೂವತ್ತಕ್ಕೂ ಹೆಚ್ಚು ವರ್ಷ ದಾಟಿಸಿದೆ. ಅದಕ್ಕೇ ಇದನ್ನು ‘ಕ್ರಮವಿಲ್ಲದ ಯೋಚನೆ’ ಅಂತ ಬರೆಯಬೇಡಿ. ಕ್ರಮ ಇದೆ, ಅದು ಗಡಿಯಾರದ ಕ್ರಮ ಅಲ್ಲ ಅಷ್ಟೇ.

ಇನ್ನೂ ಒಂದು ವಿಷಯ ಇದೆ, ನನಗೆ ಇದು ಬಹಳ ಪ್ರೀತಿ. ‘ಧುಮುಕು’ ಮೊದಲು ಉದ್ಗಾರವಾಗಿ ಬರುತ್ತದೆ. ಬೋರ್ಟನ್‌ನಲ್ಲಿ ಧುಮುಕಿದ ಸಂಗತಿ ಬರೋದು ಆಮೇಲೆ. ಅಂದರೆ ನೆನಪು ತನ್ನ ಹೆಸರು ಹೇಳುವ ಮೊದಲೇ ಅವಳ ಉಸಿರಲ್ಲಿ ಕೆಲಸ ಶುರು ಮಾಡಿತ್ತು. ಮನಸ್ಸು ನಿಜಕ್ಕೂ ಹೀಗೇ ನಡೆಯೋದು. ಖುಷಿ ಮೊದಲು ಬರುತ್ತದೆ, ಎಲ್ಲಿಂದ ಬಂತು ಅನ್ನೋದು ಆಮೇಲೆ ಹೊಳೆಯುತ್ತದೆ.

ಕೊನೆ ಬೆಂಚು

ಸರ್, ತುಂಬಾ ಥ್ಯಾಂಕ್ಸ್. ಕೀಲು ಎರಡು ಸಲ ಬಂದಿರೋದನ್ನು ನಾನು ನೋಡೇ ಇರಲಿಲ್ಲ. ಆದರೆ ‘ಅವಳು’ ಪ್ರಶ್ನೆ ಹಾಗೇ ಉಳಿಯಿತು. ಬೇರೆ ಪ್ಯಾಸೇಜ್ ಕೊಟ್ಟರೆ ಪರೀಕ್ಷಿಸೋಕೆ ಏನಾದರೂ ದಾರಿ ಇದೆಯಾ?

ನಿವೃತ್ತ ಮೇಷ್ಟ್ರು

ಇದೆ. ‘ಅವಳು’ ಇರುವಲ್ಲಿ ‘ನಾನು’ ಹಾಕಿ, ಭೂತಕಾಲವನ್ನು ವರ್ತಮಾನಕ್ಕೆ ತನ್ನಿ. ಆಮೇಲೆ ಆ ವಾಕ್ಯವನ್ನು ಪಾತ್ರ ತನಗೆ ತಾನೇ ಹೇಳಿಕೊಳ್ಳಬಹುದೇ ನೋಡಿ. ‘ಲೂಸಿಗೆ ಕೈತುಂಬ ಕೆಲಸವಿದೆ, ಬಾಗಿಲು ಕಳಚಬೇಕು, ಆಳುಗಳು ಬರುತ್ತಿದ್ದಾರೆ.’ ಒಂದು ಕೂದಲೂ ಕೊಂಕಲಿಲ್ಲ. ಇದು ಅವಳದೇ. ಮೊದಲ ವಾಕ್ಯಕ್ಕೆ ಅದನ್ನೇ ಮಾಡಿ: ‘ಹೂವು ನಾನೇ ತರುವುದಾಗಿ ಹೇಳುತ್ತೇನೆ.’ ಯಾರೂ ಮನಸ್ಸಿನಲ್ಲಿ ಹೀಗೆ ಅಂದುಕೊಳ್ಳೋದಿಲ್ಲ. ಅದು ಹೊರಗಿನ ದನಿ.

ಕೊನೇ ವಾಕ್ಯದಲ್ಲಿ ಈ ಪರೀಕ್ಷೆ ಪೂರ್ತಿ ಗೆಲ್ಲೋದಿಲ್ಲ. ‘ನನಗೆ ಯಾವಾಗಲೂ ಹಾಗೇ ಅನಿಸುತ್ತಿತ್ತು’ ಅನ್ನೋವರೆಗೆ ಸರಿ. ಆದರೆ ಮೂಲದಲ್ಲಿ ಅದು ಒಂದರೊಳಗೆ ಒಂದು ಉಪವಾಕ್ಯ ಹೆಣೆದ ದೊಡ್ಡ ವಾಕ್ಯ. ಹೊರಗೆ ಹೊರಟ ಹೆಂಗಸಿನ ಮನಸ್ಸು ಅಷ್ಟು ಒಪ್ಪವಾಗಿ ವಾಕ್ಯ ಕಟ್ಟುತ್ತದೆಯೇ? ಅನುಭವ ಕ್ಲಾರಿಸ್ಸಾಳದು, ಹೆಣಿಗೆ ವುಲ್ಫ್‌ರದು. ಇದು ಒಬ್ಬರದೇ ವಾಕ್ಯ ಅಂತ ಬಲವಂತ ಮಾಡಬೇಡಿ. ಎರಡು ದನಿ ಕೂಡಿದೆ ಅಂತ ಬರೆದು, ಯಾವುದು ಯಾರದು ಅಂತ ತೋರಿಸಿ.

ಪೂರ್ಣವಿರಾಮ

ವಿರಾಮ ಚಿಹ್ನೆ ವಿಷಯ ಒಪ್ಪಿದೆ. ಆದರೆ ಮೇಷ್ಟ್ರೇ, ನೀವು ತೋರಿಸಿದ್ದೆಲ್ಲ ಮುಕ್ತ ಪರೋಕ್ಷ ಕಥನದ ಲಕ್ಷಣಗಳೇ ಅಲ್ವಾ? ಜೇನ್ ಆಸ್ಟೆನ್ ನೂರು ವರ್ಷ ಮುಂಚೆಯೇ ಇದನ್ನು ಮಾಡಿದ್ದಾರೆ. ಹಾಗಾದರೆ ವುಲ್ಫ್ ಮಾಡಿದ ಹೊಸದೇನು?

ಹೇಮಾವತಿ ದಂಡೆ

ಇದು ಒಳ್ಳೆಯ ಪ್ರಶ್ನೆ. ನಾನು ಆಧುನಿಕ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಆದ್ದರಿಂದ ಮಧ್ಯೆ ಬಂದೆ.

ಇಲ್ಲಿ ಎರಡು ಪ್ರಶ್ನೆ ಕಲೆತುಹೋಗಿವೆ. ಕಾದಂಬರಿ ಯಾವುದನ್ನು ಹಿಡಿಯೋಕೆ ಹೊರಟಿದೆ ಅನ್ನೋದು ಒಂದು. ಅದಕ್ಕೆ ಯಾವ ವ್ಯಾಕರಣ ಬಳಸಿದೆ ಅನ್ನೋದು ಇನ್ನೊಂದು. ವಿಲಿಯಂ ಜೇಮ್ಸ್ 1890ರಲ್ಲಿ ಪ್ರಜ್ಞೆ ಹರಿಯುತ್ತದೆ ಅಂದದ್ದು ಮನಶ್ಶಾಸ್ತ್ರದ ಮಾತು. ಮೇ ಸಿಂಕ್ಲೇರ್ 1918ರಲ್ಲಿ ಡೊರೊಥಿ ರಿಚರ್ಡ್‌ಸನ್ ಅವರ ಕಾದಂಬರಿಗಳ ಬಗ್ಗೆ ಬರೆಯುತ್ತಾ ಆ ಮಾತನ್ನು ಸಾಹಿತ್ಯಕ್ಕೆ ತಂದರು. ರಿಚರ್ಡ್‌ಸನ್‌ಗೆ ಆ ಹೆಸರು ಹಿಡಿಸಲಿಲ್ಲ ಅನ್ನೋದು ಬೇರೆ ಮಾತು. ಆ ಹೆಸರು ಗುರಿಯನ್ನು ಹೇಳುತ್ತದೆ. ಮುಕ್ತ ಪರೋಕ್ಷ ಕಥನ ಅನ್ನೋದು ಆ ಗುರಿಗೆ ಹೋಗುವ ಹಲವು ದಾರಿಗಳಲ್ಲಿ ಒಂದು. ಆಸ್ಟೆನ್ ಅದೇ ದಾರಿಯಲ್ಲಿ ನಡೆದರೂ ಗುರಿ ಬೇರೆ. ಅವರ ಕಾದಂಬರಿಯಲ್ಲಿ ಕಥೆ ಮುಂದೆ ಸಾಗುತ್ತದೆ, ನಡುನಡುವೆ ಪಾತ್ರದ ಮನಸ್ಸು ಇಣುಕುತ್ತದೆ. ಇಲ್ಲಿ ಹೊರಗೆ ನಡೆಯೋದು ಇಷ್ಟೇ: 1923ರ ಜೂನ್‌ನ ಒಂದು ದಿನ, ಒಬ್ಬಳು ಹೂವು ತರುತ್ತಾಳೆ, ರಾತ್ರಿ ಪಾರ್ಟಿ ಕೊಡುತ್ತಾಳೆ. ಪುಟ ತುಂಬಿಸೋದು ಮನಸ್ಸಿನ ಓಡಾಟ.

ವಿಮರ್ಶಕರಲ್ಲೂ ಒಮ್ಮತ ಇಲ್ಲ. ರಾಬರ್ಟ್ ಹಂಫ್ರಿ 1954ರ ಪುಸ್ತಕದಲ್ಲಿ ‘ಅವಳು’, ‘ಅವನು’ ಅಂತ ಬರೆದ ಪರೋಕ್ಷ ಸ್ವಗತವನ್ನೂ ಪ್ರಜ್ಞಾಪ್ರವಾಹದ ಒಂದು ವಿಧಾನ ಅಂತಲೇ ಸೇರಿಸುತ್ತಾರೆ. ಡೊರಿಟ್ ಕೋನ್ 1978ರಲ್ಲಿ ವ್ಯಾಕರಣವನ್ನು ಆಧಾರ ಮಾಡಿಕೊಂಡು ಬೇರೆಯದೇ ವಿಂಗಡಣೆ ಮಾಡುತ್ತಾರೆ. ನನಗೆ ಕೋನ್ ದಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ ಅನಿಸುತ್ತದೆ. ಮೇಷ್ಟ್ರು ಒಪ್ಪಲಿಕ್ಕಿಲ್ಲ.

ನಿವೃತ್ತ ಮೇಷ್ಟ್ರು

ಪೂರ್ತಿ ಒಪ್ಪೋದಿಲ್ಲ, ನಿಜ. ವ್ಯಾಕರಣ ಒಂದನ್ನೇ ಹಿಡಿದರೆ ಕೀಲಿನಿಂದ ಕೀಲಿಗೆ ಹಾರಿದ್ದು ಲೆಕ್ಕಕ್ಕೇ ಬರೋದಿಲ್ಲ. ಆ ಜಿಗಿತ ವ್ಯಾಕರಣದಲ್ಲಿ ಇಲ್ಲ, ನೆನಪಿನಲ್ಲಿದೆ.

ಹೊಸದೇನು ಅಂತ ಕೇಳಿದಿರಿ. ನನ್ನ ಪ್ರಕಾರ ಉತ್ತರ ‘ಅವಳು’ ಅನ್ನೋದರಲ್ಲೇ ಇದೆ. ಇದೇ ಬೆಳಗನ್ನು ನೇರ ಸ್ವಗತದಲ್ಲಿ ಬರೆದು ನೋಡೋಣ:

“ಹೂವು ನಾನೇ ತರ್ತೀನಿ. ಲೂಸಿಗೆ ಪುರುಸೊತ್ತಿಲ್ಲ ಪಾಪ. ಆಳುಗಳು ಎಷ್ಟೊತ್ತಿಗೆ ಬರ್ತಾರೋ. ಬಾಗಿಲು ಕಳಚಬೇಕು. ಕೀಲು. ಕಿರ್. ಬೋರ್ಟನ್ ಕಿಟಕಿ ಥೇಟ್ ಹೀಗೇ. ಹದಿನೆಂಟು ಆಗ. ಎಂಥ ಗಾಳಿ.”

ಚೆನ್ನಾಗಿಯೇ ಇದೆ, ಹತ್ತಿರವಾಗಿದೆ. ಆದರೆ ಇದರಲ್ಲಿ ಒಂದು ಕೆಲಸ ಕಷ್ಟ. ಸ್ವಲ್ಪ ಮುಂದೆ ಕ್ಲಾರಿಸ್ಸಾ ರಸ್ತೆ ದಾಟೋಕೆ ಕಾಯುತ್ತಾ ಅಂಚಿನಲ್ಲಿ ನಿಂತಿರುತ್ತಾಳೆ. ಆಗ ಸ್ಕ್ರೋಪ್ ಪರ್ವಿಸ್ ಅನ್ನೋ ನೆರೆಯವನು ಅವಳನ್ನು ನೋಡುತ್ತಾನೆ. ಚೆಲುವೆ, ಹಕ್ಕಿಯ ಹಾಗಿದ್ದಾಳೆ ಅಂದುಕೊಳ್ಳುತ್ತಾನೆ. ಅವಳು ಅವನನ್ನು ನೋಡೋದೇ ಇಲ್ಲ. ಕೆಲವೇ ಸಾಲು ನಾವು ಅವನ ತಲೆಯೊಳಗಿದ್ದು ಮತ್ತೆ ಅವಳ ತಲೆಗೆ ಬರುತ್ತೇವೆ. ಅಧ್ಯಾಯ ಒಡೆದಿಲ್ಲ, ಸೂಚನೆ ಕೊಟ್ಟಿಲ್ಲ. ಮುಂದೆ ಒಂದು ವಿಮಾನ ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯುತ್ತದೆ. ಬೀದಿಯ ಜನರೆಲ್ಲ ತಲೆ ಎತ್ತುತ್ತಾರೆ, ಕಥೆ ಒಬ್ಬರ ಮನಸ್ಸಿನಿಂದ ಇನ್ನೊಬ್ಬರದಕ್ಕೆ ಸರಿಯುತ್ತದೆ. ‘ನಾನು’ ಅಂತ ಬರೆದಿದ್ದರೆ ಪ್ರತಿ ಸಲವೂ ಈ ‘ನಾನು’ ಯಾರು ಅಂತ ಹೇಳಬೇಕಿತ್ತು. ‘ಅವಳು’, ‘ಅವನು’ ಅನ್ನೋ ತೆಳ್ಳನೆಯ ಎಳೆ ಇರೋದರಿಂದಲೇ ವುಲ್ಫ್ ಇಡೀ ಲಂಡನ್ನಿನಲ್ಲಿ ತಲೆಯಿಂದ ತಲೆಗೆ ಓಡಾಡುತ್ತಾರೆ. ನಿಮಗೆ ತೊಡಕು ಅನಿಸಿದ ಪದವೇ ಅವರ ಸಾಧನ, ಕೊನೆ ಬೆಂಚಿನವರೇ.

ಕಥೆಗಾರ

ನಾನು ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಇದೇ ತಂತ್ರದಲ್ಲಿ ಬರೆಯೋಣ ಅಂತ ಒಂದು ಕಥೆಯಲ್ಲಿ ಚಿಹ್ನೆಗಳನ್ನೆಲ್ಲ ತೆಗೆದುಹಾಕಿದೆ. ಓದಿದ ಗೆಳೆಯರು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ ಅಂದರು. ಇಂಗ್ಲಿಷಿನಲ್ಲಿ ‘ಅಂದುಕೊಂಡಳು’ ಮಧ್ಯದಲ್ಲಿ ಕೂರುತ್ತದೆ. ನಮ್ಮಲ್ಲಿ ಅದು ಸಹಜವಾಗಿ ಬರೋದು ಕೊನೆಗೆ. ಅಷ್ಟು ಹೊತ್ತಿಗೆ ಓದುಗ ದಾರಿ ತಪ್ಪಿರುತ್ತಾನೆ. ಕನ್ನಡಕ್ಕೆ ಇದು ಒಗ್ಗೋದಿಲ್ಲವೇನೋ ಅಂತ ಕೈಬಿಟ್ಟೆ.

ಹೇಮಾವತಿ ದಂಡೆ

ದಯವಿಟ್ಟು ಕೈಬಿಡಬೇಡಿ. ಕನ್ನಡದಲ್ಲಿ ಬೇರೆ ಅನುಕೂಲ ಇದೆ. ನಮ್ಮ ಎಷ್ಟೋ ಕ್ರಿಯಾರೂಪಗಳು ನಾನು, ಅವಳು ಅನ್ನೋ ಭೇದ ತೋರಿಸೋದೇ ಇಲ್ಲ. ಬೇಕು, ಬೇಡ, ಸಾಕು, ಗೊತ್ತಿಲ್ಲ, ಹೋಗಬೇಕು, ಆಗಲ್ಲ. ಇದನ್ನು ನೋಡಿ:

“ಅವಳು ಮೆಟ್ಟಿಲಿಳಿದಳು. ಹೂವು ತರಬೇಕು. ಬಿಸಿಲೇರಿದರೆ ಬಾಡಿದ್ದೇ ಸಿಗೋದು. ಛತ್ರಿ ಬೇಡ. ಮಳೆ ಬರಲ್ಲ. ಗೇಟು ಕಿರ್ರೆಂದಿತು.”

ಮೊದಲದ್ದು ಕಥನಕಾರರದು. ಆಮೇಲಿನ ನಾಲ್ಕು ಅವಳದು. ಕೊನೆಯದು ಇಬ್ಬರಿಗೂ ಸಲ್ಲುತ್ತದೆ. ‘ನಾನು’ ಇಲ್ಲ, ‘ಅಂದುಕೊಂಡಳು’ ಇಲ್ಲ, ಆದರೂ ಎಲ್ಲಿ ಒಳಗೆ ಹೋದೆವು ಅಂತ ಗೊತ್ತಾಯಿತು ಅಲ್ವಾ? ಚಿಹ್ನೆಗಳೂ ಹಾಗೇ ಇವೆ. ನಿಮ್ಮ ಕಥೆಯಲ್ಲಿ ಪೂರ್ಣವಿರಾಮ ವಾಪಸ್ ಇಟ್ಟು, ‘ಅಂದುಕೊಂಡಳು’ ಎಷ್ಟು ಕಡೆ ತೆಗೆಯಬಹುದು ಅಂತ ನೋಡಿ.

ಕಥೆಗಾರ

ನೋಡುತ್ತೇನೆ. ‘ಛತ್ರಿ ಬೇಡ’ ಅಂದ ಕಡೆ ನನಗೆ ಥಟ್ಟನೆ ಕೇಳಿಸಿತು.

ಕೊನೆ ಬೆಂಚು

ಒಂದು ಕರಡು ಬರೆದಿದ್ದೇನೆ. ತಿದ್ದುತ್ತೀರಾ?

“ಈ ಭಾಗದಲ್ಲಿ ಕಥನಕಾರರ ದನಿಯಿಂದ ಕ್ಲಾರಿಸ್ಸಾಳ ಮನಸ್ಸಿಗೆ ಎರಡನೇ ವಾಕ್ಯದಲ್ಲೇ ದಾಟುತ್ತೇವೆ. ‘ಯಾಕಂದರೆ’ ಅನ್ನುವುದು ಅವಳದೇ ಸಮಜಾಯಿಷಿ. ಹೆಸರುಗಳಿಗೆ ಪರಿಚಯವಿಲ್ಲ. ಉದ್ಗಾರಗಳಿಗೆ ಕ್ರಿಯಾಪದವಿಲ್ಲ. ಕೀಲಿನ ಸದ್ದು ವರ್ತಮಾನವನ್ನು ಬೋರ್ಟನ್‌ಗೆ ಜೋಡಿಸುತ್ತದೆ. ಆಮೇಲೆ ಅವಳ ಮನಸ್ಸು ಸ್ವಚ್ಛಂದವಾಗಿ ಹರಿದು ಸಂತೋಷದ ನೆನಪಿನಲ್ಲಿ ಮುಳುಗುತ್ತದೆ.”

ನಿವೃತ್ತ ಮೇಷ್ಟ್ರು

ಕೊನೇ ವಾಕ್ಯ ಬಿಟ್ಟು ಉಳಿದದ್ದು ಗಟ್ಟಿಯಾಗಿದೆ. ‘ಸ್ವಚ್ಛಂದವಾಗಿ’ ತೆಗೆಯಿರಿ, ಅದನ್ನು ತೋರಿಸೋ ಸಾಕ್ಷಿ ನಿಮ್ಮ ಹತ್ತಿರ ಇಲ್ಲ. ‘ಸಂತೋಷದ ನೆನಪು’ ಅನ್ನೋದನ್ನೂ ಇನ್ನೊಮ್ಮೆ ನೋಡಿ. ನೀವು ಕೊಟ್ಟ ಭಾಗದ ಮುಂದಿನ ವಾಕ್ಯದಲ್ಲೇ, ಆ ತೆರೆದ ಕಿಟಕಿಯ ಬಳಿ ನಿಂತ ಹುಡುಗಿಗೆ ಏನೋ ಭಯಂಕರವಾದದ್ದು ಆಗಲಿದೆ ಅನಿಸುತ್ತದೆ. ಕಾದಂಬರಿಯ ಕೊನೆಯ ಹೊತ್ತಿಗೆ ಯುದ್ಧದಿಂದ ಬಂದು ಮನಸ್ಸು ಕೆಟ್ಟ ಸೆಪ್ಟಿಮಸ್ ಕಿಟಕಿಯಿಂದ ಹಾರಿ ಸಾಯುತ್ತಾನೆ. ಪಾರ್ಟಿಯಲ್ಲಿ ಆ ಸುದ್ದಿ ಕೇಳಿದ ಕ್ಲಾರಿಸ್ಸಾ ಅವನ ಬಗ್ಗೆ ಯೋಚಿಸುವಾಗ ಇದೇ ‘ಧುಮುಕು’ ಪದ ಮತ್ತೆ ಬರುತ್ತದೆ. ಇಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ. ಅವರನ್ನು ಜೋಡಿಸೋದು ಕಿಟಕಿ ಮತ್ತು ಈ ಪದ. ಪುಟ ಮಿತಿ ಇದ್ದರೆ ಒಂದು ವಾಕ್ಯದಲ್ಲಿ ಇದನ್ನು ಸೇರಿಸಿ, ‘ಸ್ವಚ್ಛಂದ’ ಇದ್ದ ಜಾಗ ಸಾಕು.

ಪೂರ್ಣವಿರಾಮ

ಎರಡನೇ ವಾಕ್ಯದ ಬಗ್ಗೆ ನನಗಿನ್ನೂ ಅನುಮಾನ ಇದೆ. ಮಾತಿನ ಧಾಟಿಯಲ್ಲಿ ಕಥೆ ಹೇಳುವವರೂ ‘ಯಾಕಂದರೆ’ ಅಂತ ಕಾರಣ ಕೊಡುತ್ತಾರೆ. ಲೂಸಿಗೆ ಕೆಲಸ ಇತ್ತು ಅನ್ನೋದು ಕಥನಕಾರರ ಮಾತೂ ಆಗಬಹುದು. ಮುಂದೆ ರಂಪಲ್‌ಮೇಯರ್ ಬಂದಮೇಲೆ ಮಾತ್ರ ಖಚಿತ.

ನಿವೃತ್ತ ಮೇಷ್ಟ್ರು

ಆ ವಾಕ್ಯವನ್ನು ಒಂಟಿಯಾಗಿ ಓದಿದರೆ ಹಾಗೆನ್ನಬಹುದು. ಮೂರನೆಯದನ್ನು ಓದಿ ಹಿಂದಕ್ಕೆ ಬಂದರೆ ನನಗೆ ಅದು ಕ್ಲಾರಿಸ್ಸಾಳದಾಗಿಯೇ ಕೇಳುತ್ತದೆ. ನೀವು ಮುಂದಕ್ಕೆ ಓದುತ್ತಿದ್ದೀರಿ, ನಾನು ಹಿಂದಕ್ಕೆ. ಕೊನೆ ಬೆಂಚಿನವರು ಬೇಕಾದರೆ ದಾಟು ಎರಡು ಮತ್ತು ಮೂರನೇ ವಾಕ್ಯದ ನಡುವೆ ನಡೆಯುತ್ತದೆ ಅಂತ ಬರೆಯಲಿ, ತಪ್ಪಿಲ್ಲ.

ಕೊನೆ ಬೆಂಚು

ಹಾಗೇ ಬರೆಯುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ ಸರ್. ನೀವು ಹೇಳಿದ ಆ ಮುಂದಿನ ವಾಕ್ಯದಲ್ಲಿ ‘ಆಗ ಅವಳಿದ್ದಂಥ ಹದಿನೆಂಟರ ಹುಡುಗಿಗೆ’ ಅನ್ನೋದು ಕಂಸದೊಳಗಿದೆ. ಅದು ಯಾರ ದನಿ?

ಹೇಮಾವತಿ ದಂಡೆ

ನನಗೆ ಕಥನಕಾರರದು ಅನಿಸುತ್ತದೆ. ವಯಸ್ಸು ಓದುಗರಿಗೆ ಬೇಕಾದ ಮಾಹಿತಿ, ಅವಳಿಗೆ ಅದು ಗೊತ್ತೇ ಇದೆ. ಹೆಸರುಗಳ ವಿಷಯದಲ್ಲಿ ಮೇಷ್ಟ್ರು ಹೇಳಿದ ವಾದವೇ ಇಲ್ಲೂ ಅನ್ವಯಿಸುತ್ತದೆ.

ನಿವೃತ್ತ ಮೇಷ್ಟ್ರು

ನನಗೆ ಇವತ್ತಿನ ಕ್ಲಾರಿಸ್ಸಾಳದು ಅನಿಸುತ್ತದೆ. ಐವತ್ತು ದಾಟಿದವಳು ಹದಿನೆಂಟರ ತನ್ನನ್ನು ದೂರದಿಂದ ನೋಡಿ, ಆ ವಯಸ್ಸಿಗೆ ಅದು ಎಷ್ಟು ಗಂಭೀರ ಅನಿಸಿತ್ತು ಅಂತ ಲೆಕ್ಕ ಹಾಕುತ್ತಿದ್ದಾಳೆ. ಅದು ಓದುಗರಿಗೆ ಕೊಟ್ಟ ಮಾಹಿತಿ ಅಲ್ಲ, ತನ್ನ ಬಗ್ಗೆಯೇ ಅವಳ ಒಂದು ಅಭಿಪ್ರಾಯ. ಎರಡೂ ಓದನ್ನು ಕಾರಣ ಸಮೇತ ಬರೆಯಿರಿ, ನಿಮಗೆ ಯಾವುದು ಹೆಚ್ಚು ಸರಿ ಅನಿಸುತ್ತದೆ ಅಂತಲೂ ಹೇಳಿ.